ದಿನವನ್ನು ಹೇಳುವಲ್ಲಿ ಸತ್ಯ: ಜಯಂತಿ ಮತ್ತು ಏಕಾದಶಿಗಳ ಪ್ರಕಟಣೆಯ ವಿಚಾರ



ಕಳೆದ 2025ನೆಯ ಇಸವಿಯ ಶ್ರಾವಣಮಾಸದಲ್ಲಿ ಯಲ್ಲಾಪುರ ಸೀಮೆಯ ಭಕ್ತರನೇಕರನ್ನು ಒಂದು ಸಂದೇಹವು ಬಾಧಿಸಿತು. ಗೋಡೆಯ ಕ್ಯಾಲೆಂಡರು ಆಗಸ್ಟ್ 15 ಮತ್ತು 16ನೆಯ ತಾರೀಖುಗಳಲ್ಲಿ ಶ್ರೀಕೃಷ್ಣ ಜನ್ಮಾಷ್ಟಮಿಯನ್ನು ತೋರಿಸುತ್ತಿತ್ತು. ಉಡುಪಿಯ ಶ್ರೀಕೃಷ್ಣಮಠದಲ್ಲಿಯಾದರೋ ಅದೇ ಉತ್ಸವವು ಸೆಪ್ಟೆಂಬರ್ 14ರಂದು, ಅದರ ಮರುದಿನ ವಿಟ್ಲಪಿಂಡಿ ಎಂದು ನಿಶ್ಚಯವಾಗಿತ್ತು. ಒಂದು ದಿನ ಹಿಂದುಮುಂದಾಗುವುದನ್ನು ನಾವು ಬಲ್ಲೆವು. ಇಡೀ ಒಂದು ತಿಂಗಳಿನ ಅಂತರವಾದಾಗ ವಜ್ರಳ್ಳಿಯಂತಹ ಊರಿನ ಗೃಹಸ್ಥನು ಏನೆಂದು ತಿಳಿಯಬೇಕು? ಭಗವಂತನು ಎರಡು ಸಲ ಅವತರಿಸಿದನೇ? ಇಬ್ಬರಲ್ಲೊಬ್ಬರು ತಪ್ಪಿದರೇ? ಅಥವಾ ತಿಳಿಸುವವರು ತಿಳಿಸಬೇಕಾದುದನ್ನು ಪೂರ್ತಿಯಾಗಿ ತಿಳಿಸಲಿಲ್ಲವೇ?

ಈ ಮೂರನೆಯ ಪ್ರಶ್ನೆಯೇ ಇಂದಿನ ನಮ್ಮ ವಿಚಾರಕ್ಕೆ ವಿಷಯ. ದಿನವನ್ನು ನಿರ್ಣಯಿಸುವುದು ಪಂಚಾಂಗಕರ್ತರಿಗೂ ಪೀಠಾಧಿಪತಿಗಳಿಗೂ ಸೇರಿದ್ದು. ನಿರ್ಣಯಿಸಿದ ದಿನವನ್ನು ಹಲಗೆಯ ಮೇಲೆ ಬರೆದು, ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಭಕ್ತರ ಮನೆಗೆ ಮುಟ್ಟಿಸುವ ಕೆಲಸ ಮಾತ್ರ ದೇವಾಲಯದವರದು. ಅಲ್ಲಿ ಒಂದು ಮಾತು ಕಡಿಮೆಯಾದರೆ ಉಪವಾಸ ಮಾಡುವವರ ಶರೀರಕ್ಕೂ ಮನಸ್ಸಿಗೂ ಕ್ಲೇಶವಾಗುತ್ತದೆ. ಆದುದರಿಂದ ಯಾವ ಸಂದೇಹವು ಯಾವ ಮೂಲದಿಂದ ಬಂದಿತು, ಅದನ್ನು ಯಾವ ಮಾತಿನಲ್ಲಿ ಹೇಳಬೇಕು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ನಮ್ಮ ಸಿದ್ಧಾಂತದಲ್ಲಿ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ವಿಷಯವು ಹೇಗಿದೆಯೋ ಹಾಗೆಯೇ ಅದನ್ನು ತಿಳಿಸುವುದು ಪ್ರಮಾಣವೆಂದು ಶ್ರೀಮದಾಚಾರ್ಯರ ಮತ. ಹಬ್ಬದ ದಿನವೂ ಈ ಮೂರರ ಮೇಲೆಯೇ ನಿಂತಿದೆ. ಯಾವ ಮಾಸ, ಯಾವ ತಿಥಿ, ಯಾವ ವೇಧ ಎಂಬ ವಿಧಿಯು ಆಗಮದಿಂದ ಬಂದದ್ದು. ಆ ತಿಥಿಯು ಎಷ್ಟು ಗಂಟೆಗೆ ಆರಂಭವಾಗಿ ಎಷ್ಟಕ್ಕೆ ಮುಗಿಯುತ್ತದೆಂಬುದು ಗಣಿತ; ಅದು ಅನುಮಾನದ ಸ್ಥಾನದಲ್ಲಿದೆ. ಆಕಾಶದಲ್ಲಿ ಚಂದ್ರನು ಕಂಡನೇ ಎಂಬುದು ಪ್ರತ್ಯಕ್ಷ. ಮೂರು ಕಡೆಯಲ್ಲಿಯೂ ವ್ಯತ್ಯಾಸಕ್ಕೆ ಅವಕಾಶವುಂಟು. ಆದರೆ ಆ ವ್ಯತ್ಯಾಸಗಳ ಸ್ವರೂಪ ಒಂದೇ ಅಲ್ಲ. ಮೂರನ್ನೂ ಕಲಸಿ "ಈ ಸಲ ಹಬ್ಬದಲ್ಲಿ ಗೊಂದಲವಿದೆ" ಎಂದುಬಿಡುವುದೇ ನಾವು ಮಾಡುವ ಮೊದಲನೆಯ ತಪ್ಪು.

ಮೊದಲು ವಿಧಿಯ ವ್ಯತ್ಯಾಸವನ್ನು ನೋಡೋಣ. 2025ರ ಜಯಂತಿಯಲ್ಲಿ ನಡೆದದ್ದು ಇದು. ಕರ್ನಾಟಕದ ಬಹುಭಾಗದಲ್ಲಿ ಚಾಂದ್ರಮಾನದ ಶ್ರಾವಣ ಕೃಷ್ಣಾಷ್ಟಮಿಯನ್ನು ಹಿಡಿಯುತ್ತಾರೆ. ಉಡುಪಿಯ ಸಂಪ್ರದಾಯವು ಸೌರಮಾಸವನ್ನು ನೋಡುತ್ತದೆ. ಸೂರ್ಯನು ಸಿಂಹರಾಶಿಯಲ್ಲಿರುವಾಗ ಬರುವ ಕೃಷ್ಣಪಕ್ಷದ ಅಷ್ಟಮಿಯನ್ನು ಗ್ರಹಿಸುತ್ತದೆ. ಹೆಚ್ಚಿನ ವರ್ಷಗಳಲ್ಲಿ ಶ್ರಾವಣದ ಅಷ್ಟಮಿಯು ಸಿಂಹಮಾಸದೊಳಗೇ ಬೀಳುವುದರಿಂದ ಎರಡೂ ಪದ್ಧತಿಗಳು ಕೂಡಿಕೊಂಡೇ ನಡೆಯುತ್ತವೆ. ಭೇದವಿದೆಯೆಂಬುದೇ ಜನರಿಗೆ ಮರೆತುಹೋಗುತ್ತದೆ. 2023ರಲ್ಲಿ ಸೆಪ್ಟೆಂಬರ್ ಮೊದಲ ವಾರದಲ್ಲಿ, 2024ರಲ್ಲಿ ಆಗಸ್ಟ್ 26ರಂದು ಹೀಗೆಯೇ ಕೂಡಿ ಬಂದಿತ್ತು.

ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದುದರಿಂದ ಅಧಿಕಮಾಸವು ಬಂದು ಸರಿಪಡಿಸುವವರೆಗೆ ಪ್ರತಿವರ್ಷವೂ ತಿಥಿಗಳು ಅಷ್ಟಷ್ಟು ಹಿಂದಕ್ಕೆ ಜಾರುತ್ತವೆ. ಅಧಿಕ ಜ್ಯೇಷ್ಠವು 2026ಕ್ಕೆ ಸೇರಿದುದಾದ್ದರಿಂದ 2025ರ ಹೊತ್ತಿಗೆ ಈ ಜಾರುವಿಕೆಯು ಹೆಚ್ಚು ಕಡಿಮೆ ಕೊನೆಯ ಮಿತಿಗೆ ಬಂದಿತ್ತು. ಆ ವರ್ಷ ಶ್ರಾವಣ ಕೃಷ್ಣಾಷ್ಟಮಿಯು ದೃಗ್ಗಣಿತದಂತೆ ಆಗಸ್ಟ್ 15ರ ರಾತ್ರಿ 11 ಗಂಟೆ 49 ನಿಮಿಷಕ್ಕೆ ಆರಂಭವಾಗಿ 16ರ ರಾತ್ರಿ 9 ಗಂಟೆ 34 ನಿಮಿಷಕ್ಕೆ ಮುಗಿಯಿತು. ಸೂರ್ಯನು ಸಿಂಹವನ್ನು ಪ್ರವೇಶಿಸಿದ್ದು ಆ ರಾತ್ರಿ ಸುಮಾರು 2 ಗಂಟೆಗೆ. ಅಂದರೆ ಅಷ್ಟಮಿಯು ಮುಗಿದು ನಾಲ್ಕೂವರೆ ಗಂಟೆಗಳಾದ ಮೇಲೆ ಸಂಕ್ರಮಣವಾಯಿತು. ಅಷ್ಟರಿಂದಲೇ ಆ ಅಷ್ಟಮಿಯು ಕರ್ಕಮಾಸಕ್ಕೆ ಸೇರಿಹೋಯಿತು.

ಇದಲ್ಲದೆ ಆ ಅಷ್ಟಮಿಗೆ ರೋಹಿಣಿಯ ಸಂಬಂಧವೇ ಇರಲಿಲ್ಲ. ಅಷ್ಟಮಿ ಮುಗಿಯುವಾಗ ಚಂದ್ರನಿನ್ನೂ ಕೃತ್ತಿಕೆಯಲ್ಲಿದ್ದನು. ರೋಹಿಣಿಯು 17ರ ಬೆಳಗಿನ ಜಾವಕ್ಕೆ ಬಂದಿತು. ಮುಂದಿನ ಕೃಷ್ಣಾಷ್ಟಮಿಯು ಸೆಪ್ಟೆಂಬರ್ 14ರ ಬೆಳಿಗ್ಗೆ 5 ಗಂಟೆಯ ಸುಮಾರಿಗೆ ಆರಂಭವಾಗಿ ಅಂದಿನ ರಾತ್ರಿ 3 ಗಂಟೆಯವರೆಗೆ ಇತ್ತು. ಅಂದು ಸೂರ್ಯೋದಯಕ್ಕೆ ಅಷ್ಟಮಿಯೂ ರೋಹಿಣಿಯೂ ಕೂಡಿದ್ದವು. ಸೂರ್ಯನು ಸಿಂಹದಲ್ಲಿಯೇ ಇದ್ದನು. ಶ್ರೀಮದಾಚಾರ್ಯರು ಜಯಂತೀ ನಿರ್ಣಯವೆಂಬ ಪ್ರತ್ಯೇಕ ಗ್ರಂಥವನ್ನು ರಚಿಸಿ ಅಷ್ಟಮೀ ರೋಹಿಣಿಗಳ ಯೋಗಕ್ಕೆ ಎಷ್ಟು ಮಹತ್ತ್ವವನ್ನು ಕೊಟ್ಟಿರುವರೆಂಬುದನ್ನು ಬಲ್ಲವರಿಗೆ ಉಡುಪಿಯ ನಿರ್ಣಯದಲ್ಲಿ ಆಶ್ಚರ್ಯವೇನೂ ತೋರದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಎರಡು ದಿನಗಳಲ್ಲಿ ಯಾವುದೂ ಸಂದಿಗ್ಧವಲ್ಲ. ಚಾಂದ್ರಮಾನದ ವಿಧಿಯನ್ನು ಹಿಡಿದವನಿಗೆ ಆಗಸ್ಟ್ ನಿಶ್ಚಿತ; ಸೌರಮಾನದ ವಿಧಿಯನ್ನು ಹಿಡಿದವನಿಗೆ ಸೆಪ್ಟೆಂಬರ್ ನಿಶ್ಚಿತ. ಇದು ಸಂಪ್ರದಾಯಭೇದವೇ ಹೊರತು ಸಂಶಯವಲ್ಲ. ಭೇದವು ಸತ್ಯವೆಂದು ಸಾರುವ ನಾವು ಇದ್ದ ಭೇದವನ್ನು ಮರೆಮಾಚುವುದು ತರವಲ್ಲ. ಇಲ್ಲದ ಸಂಶಯವನ್ನು ಹುಟ್ಟಿಸುವುದೂ ತರವಲ್ಲ. ಇಂತಹ ಕಡೆ "ಜಯಂತಿಯ ದಿನ ಇನ್ನೂ ಖಚಿತವಾಗಿಲ್ಲ" ಎಂದು ಬರೆದರೆ ಅದು ಸುಳ್ಳು. "ಶಾಸ್ತ್ರೋಕ್ತವಾದ ದಿನ ಇದೊಂದೇ" ಎಂದು ಬರೆದರೂ ಸುಳ್ಳು. ಬರೆಯತಕ್ಕದ್ದು ಹೀಗೆ:

"ಶ್ರೀಕೃಷ್ಣ ಜಯಂತಿ. ನಮ್ಮ ದೇವಾಲಯದಲ್ಲಿ ಉಡುಪಿಯ ಸೌರಮಾನ ಸಂಪ್ರದಾಯದಂತೆ ಸೆಪ್ಟೆಂಬರ್ 14, ಭಾನುವಾರ. ಚಾಂದ್ರಮಾನ ಶ್ರಾವಣವನ್ನು ಅನುಸರಿಸುವ ಮಠಗಳ ಶಿಷ್ಯರು ಆಗಸ್ಟ್ ತಿಂಗಳಿನಲ್ಲಿ ತಮ್ಮ ಮಠದ ಪಂಚಾಂಗದಂತೆ ಆಚರಿಸತಕ್ಕದ್ದು."

ಎರಡೇ ವಾಕ್ಯಗಳು. ಸಂಪ್ರದಾಯದ ಹೆಸರಿದೆ, ಇನ್ನೊಂದು ಸಂಪ್ರದಾಯವೂ ಇದೆಯೆಂಬ ಒಪ್ಪಿಗೆಯಿದೆ, ಯಾರು ಯಾರನ್ನು ಕೇಳಬೇಕೆಂಬುದೂ ಇದೆ. ಇದನ್ನು ಓದಿದ ಗೃಹಸ್ಥನು ಆಗಸ್ಟ್ ತಿಂಗಳಿನಲ್ಲಿ ನೆರೆಮನೆಯ ಉಂಡೆ ಚಕ್ಕುಲಿಗಳ ಪರಿಮಳವನ್ನು ಕಂಡು ತಾನು ವ್ರತಭಂಗ ಮಾಡಿದೆನೆಂದು ಗಾಬರಿಯಾಗಲಾರನು.

ಎರಡನೆಯದಾಗಿ ಗಣಿತದ ವಿಚಾರ. ಇದಕ್ಕೆ ಏಕಾದಶಿಯೇ ಉತ್ತಮವಾದ ಉದಾಹರಣೆ. 2024ರ ವೈಶಾಖ ಕೃಷ್ಣ ಏಕಾದಶಿಯನ್ನು ತೆಗೆದುಕೊಳ್ಳೋಣ. ದೃಗ್ಗಣಿತದ ಪಂಚಾಂಗಗಳಲ್ಲಿ ದಶಮಿಯು ಜೂನ್ 2, ಭಾನುವಾರ ಬೆಳಿಗ್ಗೆ 5 ಗಂಟೆ 4 ನಿಮಿಷಕ್ಕೆ ಮುಗಿದು ಏಕಾದಶಿ ಆರಂಭವಾಯಿತು. ಯಲ್ಲಾಪುರ ಸೀಮೆಯಲ್ಲಿ ಅಂದು ಸೂರ್ಯೋದಯವು ಸುಮಾರು 6 ಗಂಟೆಗೆ. ಸೂರ್ಯೋದಯಕ್ಕೆ ಏಕಾದಶಿ ಇದ್ದುದರಿಂದ ನಮ್ಮ ನೆರೆಹೊರೆಯ ಸ್ಮಾರ್ತ ಸಂಪ್ರದಾಯದ ಮನೆಗಳಲ್ಲಿ ಭಾನುವಾರವೇ ಉಪವಾಸ. ನಮಗಾದರೋ ಅರುಣೋದಯಕ್ಕೆ ದಶಮಿಯ ಸ್ಪರ್ಶವಿರಕೂಡದು. ಅರುಣೋದಯವೆಂದರೆ ಸೂರ್ಯೋದಯಕ್ಕೆ ಮೊದಲಿನ ನಾಲ್ಕು ಘಳಿಗೆ. ಘಳಿಗೆಗೆ 24 ನಿಮಿಷದಂತೆ 96 ನಿಮಿಷ. 6 ಗಂಟೆಯಿಂದ ಅಷ್ಟನ್ನು ಕಳೆದರೆ 4 ಗಂಟೆ 24 ನಿಮಿಷ. ಆ ಹೊತ್ತಿನಿಂದ 5 ಗಂಟೆ 4 ನಿಮಿಷದವರೆಗೆ, ಅಂದರೆ 40 ನಿಮಿಷಗಳ ಕಾಲ, ದಶಮಿಯಿತ್ತು. ಆದುದರಿಂದ ಅದು ದಶಮೀವಿದ್ಧವಾಯಿತು. ಉಪವಾಸವು ಜೂನ್ 3, ಸೋಮವಾರಕ್ಕೆ ಹೋಯಿತು.

ಒಂದು ಊರಿನಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ದೇವಾಲಯದ ಹಲಗೆಯ ಮೇಲೆ ಯಾರೋ ಗೋಡೆಯ ಕ್ಯಾಲೆಂಡರನ್ನು ನೋಡಿ "ಭಾನುವಾರ ಏಕಾದಶಿ" ಎಂದು ಬರೆದಿದ್ದರು. ಎಪ್ಪತ್ತು ದಾಟಿದ ತಾಯಿಯೊಬ್ಬರು ಅದರಂತೆ ಭಾನುವಾರ ನಿರಾಹಾರವಿದ್ದರು. ಸಂಜೆ ಪ್ರವಚನಕ್ಕೆ ಬಂದಾಗ ನಿಜವಾದ ಉಪವಾಸವು ಮರುದಿನವೆಂದು ತಿಳಿಯಿತು.

"ಆಚಾರ್ಯರೇ, ಹಲಗೆಯಲ್ಲಿ ಬರೆದಿತ್ತಲ್ಲವೇ?" ಎಂದು ಕೇಳಿದರು.

"ಅಮ್ಮಾ, ಬರೆದದ್ದು ನಮ್ಮ ತಪ್ಪು. ನೀವು ಈಗ ಫಲಾಹಾರವನ್ನಾದರೂ ಸ್ವೀಕರಿಸಿ" ಎಂದು ಅರ್ಚಕರು ಹೇಳಿದರು.

ಆ ತಾಯಿಯವರು ಒಪ್ಪಲಿಲ್ಲ. ಎರಡು ದಿನವೂ ಉಪವಾಸ ಮಾಡಿ ಮಂಗಳವಾರ ಪಾರಣೆಯ ಹೊತ್ತಿಗೆ ಮೇಲೇಳಲಾರದೆ ಮಲಗಿದರು. ದೇವರ ದಯದಿಂದ ಚೇತರಿಸಿಕೊಂಡರೆನ್ನಿ. ಆದರೆ ಹಲಗೆಯ ಮೇಲಿನ ಆ ಎರಡು ಪದಗಳ ಭಾರವನ್ನು ಹೊತ್ತವರು ಬರೆದವರಲ್ಲ, ಆ ವೃದ್ಧೆ. ಈ ಒಂದು ಕಾರಣಕ್ಕಾಗಿಯಾದರೂ ಬರೆಯುವ ಕೈಯು ಎಚ್ಚರದಿಂದಿರಬೇಕು.

ಇಲ್ಲಿ ಅಂತರವು 40 ನಿಮಿಷವಿದ್ದುದರಿಂದ ದೃಗ್ಗಣಿತವನ್ನು ಹಿಡಿದವರಿಗೆ ನಿರ್ಣಯವು ಸ್ಪಷ್ಟವಾಗಿತ್ತು. ಆದರೆ ಎಲ್ಲ ಪಂಚಾಂಗಗಳೂ ದೃಗ್ಗಣಿತದವಲ್ಲ. ಸೂರ್ಯಸಿದ್ಧಾಂತವೇ ಮೊದಲಾದ ಪ್ರಾಚೀನ ಗ್ರಂಥಗಳ ಗಣಿತವನ್ನು ಪರಂಪರೆಯಾಗಿ ಉಳಿಸಿಕೊಂಡು ಬಂದ ಪಂಚಾಂಗಗಳೂ ಇವೆ. ಇವೆರಡರ ತಿಥ್ಯಂತ್ಯವು ಒಂದೇ ನಿಮಿಷಕ್ಕೆ ಬರುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಸಮೀಪದಲ್ಲಿ ಅಂತರವು ಅಲ್ಪ. ಏಕೆಂದರೆ ಪ್ರಾಚೀನರು ಚಂದ್ರನ ಗತಿಯನ್ನು ಗ್ರಹಣಗಳಿಗೆ ಹೊಂದುವಂತೆ ತಿದ್ದಿಟ್ಟಿದ್ದರು, ಗ್ರಹಣವಾಗುವುದು ಆ ಎರಡು ಸಂದರ್ಭಗಳಲ್ಲಿ ಮಾತ್ರ. ಅಷ್ಟಮಿಯ ಸುಮಾರಿಗೆ ಚಂದ್ರನು ಸೂರ್ಯನಿಂದ ಕಾಲು ಸುತ್ತು ದೂರದಲ್ಲಿರುವಾಗ ಅಂತರವು ಹೆಚ್ಚುತ್ತದೆ. ಕೆಲವೊಮ್ಮೆ ಕೆಲವು ಗಂಟೆಗಳಷ್ಟೂ ಆಗಬಹುದು. ಏಕಾದಶಿಯು ಅಷ್ಟಮಿಗೂ ಪರ್ವಕ್ಕೂ ನಡುವೆ ಇರುವುದರಿಂದ ಅಲ್ಲಿಯೂ ಈ ಭೇದವು ಪೂರ್ತಿ ಅಡಗುವುದಿಲ್ಲ. ದಶಮಿಯು ಒಂದು ಪಂಚಾಂಗದಲ್ಲಿ ಅರುಣೋದಯಕ್ಕೆ ಹತ್ತು ನಿಮಿಷ ಮೊದಲೇ ಮುಗಿದು, ಇನ್ನೊಂದರಲ್ಲಿ ಹತ್ತು ನಿಮಿಷ ಅನಂತರ ಮುಗಿದರೆ ಉಪವಾಸದ ದಿನವೇ ಬದಲಾಗುತ್ತದೆ.

ಆದಕಾರಣ ಪ್ರಕಟಣೆಯನ್ನು ಸಿದ್ಧಪಡಿಸುವವರು ಮೊದಲು ಮಾಡಬೇಕಾದ ಕೆಲಸ ಒಂದಿದೆ. ತಿಥಿಯ ಸಂಧಿಯು ಅರುಣೋದಯದ ಗೆರೆಯಿಂದ ಎಷ್ಟು ದೂರವಿದೆಯೆಂದು ಅಳೆಯಬೇಕು. ಐದಾರು ಗಂಟೆಗಳಿಗಿಂತ ಹೆಚ್ಚು ದೂರವಿದ್ದರೆ ದಶಮೀವೇಧದ ವಿಷಯದಲ್ಲಿ ಯಾವ ಪಂಚಾಂಗವಾದರೂ ಒಂದೇ ಮಾತನ್ನಾಡುತ್ತದೆ, ನಿಶ್ಚಿಂತೆಯಿಂದ ಬರೆಯಬಹುದು. ಹತ್ತಿರವಿದ್ದರೆ ಗೋಡೆಯ ಕ್ಯಾಲೆಂಡರನ್ನು ಬದಿಗಿಟ್ಟು ತಮ್ಮ ಮಠದ ಪಂಚಾಂಗವನ್ನೇ ತೆರೆಯಬೇಕು, ಅದರ ಹೆಸರನ್ನೂ ಬರೆಯಬೇಕು. ಅಲ್ಲಿ ಹೇಳಬೇಕಾದ ಮಾತು: "ಈ ಏಕಾದಶಿಯ ತಿಥಿಸಂಧಿಯು ಅರುಣೋದಯಕ್ಕೆ ಅತಿ ಸಮೀಪವಿದೆ. ಗಣಿತಭೇದದಿಂದ ಪಂಚಾಂಗಗಳಲ್ಲಿ ದಿನವು ಬೇರೆಯಾಗಬಹುದು. ನಮ್ಮ ದೇವಾಲಯವು ಇಂಥ ಮಠದ ಪಂಚಾಂಗದಂತೆ ಸೋಮವಾರ ಆಚರಿಸುತ್ತದೆ." ಇದರಿಂದ ಭಕ್ತನಿಗೆ ಸಂಶಯವೂ ತಿಳಿಯಿತು, ಆ ಸಂಶಯದ ನಡುವೆ ತಾನು ಮಾಡಬೇಕಾದುದೂ ತಿಳಿಯಿತು. ಸಂಶಯವನ್ನು ಮಾತ್ರ ಹೇಳಿ ಕರ್ತವ್ಯವನ್ನು ಹೇಳದಿದ್ದರೆ ಅದು ಪ್ರಾಮಾಣಿಕತೆಯಲ್ಲ. ಹೊಣೆಯಿಂದ ಜಾರಿಕೊಳ್ಳುವ ಉಪಾಯ.

ಗಣಿತದಲ್ಲಿ ಸ್ಥಳದ ಪಾತ್ರವನ್ನೂ ಮರೆಯಬಾರದು. ತಿಥಿಯು ಮುಗಿಯುವ ಕ್ಷಣವು ಲೋಕಕ್ಕೆಲ್ಲ ಒಂದೇ. ಸೂರ್ಯೋದಯವು ಮಾತ್ರ ಊರಿಗೊಂದು. ನಮ್ಮಲ್ಲಿ ಬೆಂಗಳೂರಿಗಿಂತ ಹತ್ತು ಹನ್ನೆರಡು ನಿಮಿಷ ತಡವಾಗಿ ಸೂರ್ಯನು ಏಳುತ್ತಾನೆ. ಅರುಣೋದಯದ ಗೆರೆಯೂ ಅಷ್ಟೇ ಸರಿಯುತ್ತದೆ. ಕಲಕತ್ತೆಯಲ್ಲಿ 2024ರ ಆ ಜೂನ್ 2ರಂದು ಸೂರ್ಯೋದಯವು 5 ಗಂಟೆಗೂ ಮೊದಲೇ ಆಗಿ, ದಶಮಿಯು ಸೂರ್ಯೋದಯವನ್ನೂ ದಾಟಿ ನಿಂತಿತ್ತು. ಇನ್ನು ಸಮುದ್ರದಾಚೆಗೆ ಹೋದ ನಮ್ಮ ಮಕ್ಕಳ ಗತಿಯನ್ನು ನೋಡಿ. ನಮ್ಮ ಜೂನ್ 2ರ ಬೆಳಗಿನ 5 ಗಂಟೆ 4 ನಿಮಿಷವೆಂದರೆ ನ್ಯೂಯಾರ್ಕಿನಲ್ಲಿ ಹಿಂದಿನ ದಿನ, ಅಂದರೆ ಜೂನ್ 1ರ ಸಾಯಂಕಾಲ 7 ಗಂಟೆ 34 ನಿಮಿಷ. ಅಲ್ಲಿ ಜೂನ್ 2ರ ಅರುಣೋದಯಕ್ಕೆ ದಶಮಿಯು ಮುಗಿದು ಎಷ್ಟೋ ಹೊತ್ತಾಗಿತ್ತು, ಏಕಾದಶಿಯು ಶುದ್ಧವಾಗಿತ್ತು. ಒಂದೇ ಮನೆತನ, ಒಂದೇ ಸಂಪ್ರದಾಯ, ಒಂದೇ ವಿಧಿ. ಆದರೂ ಊರಿನಲ್ಲಿರುವ ತಂದೆಗೆ ಜೂನ್ 3, ಅಲ್ಲಿರುವ ಮಗನಿಗೆ ಜೂನ್ 2. ಮನೆಯಿಂದ ಮೊಬೈಲಿನಲ್ಲಿ ಹೋದ "ಸೋಮವಾರ ಏಕಾದಶಿ" ಎಂಬ ಸಂದೇಶವನ್ನು ನಂಬಿದ ಮಗನು ದ್ವಾದಶಿಯಂದು ಉಪವಾಸ ಮಾಡಿದಂತಾಯಿತು. ಆದುದರಿಂದ ಪ್ರತಿ ಪ್ರಕಟಣೆಯ ಕೊನೆಗೆ "ಈ ದಿನಗಳು ಯಲ್ಲಾಪುರದ ಸೂರ್ಯೋದಯಕ್ಕೆ ಅನ್ವಯಿಸಿದವು; ಪರದೇಶದಲ್ಲಿರುವವರು ತಮ್ಮ ಊರಿನ ನಿರ್ಣಯವನ್ನು ನೋಡಿಕೊಳ್ಳಬೇಕು" ಎಂಬ ಒಂದು ಸಾಲು ಅವಶ್ಯವಾಗಿ ಇರಲಿ.

ಪಂಚಾಂಗವನ್ನು ಓದುವಲ್ಲಿ ಇನ್ನೊಂದು ಎಡವು ಕಲ್ಲಿದೆ. ನಮ್ಮ ದಿನವು ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಇಂಗ್ಲಿಷ್ ತಾರೀಖು ಮಧ್ಯರಾತ್ರಿಗೆ ಬದಲಾಗುತ್ತದೆ. ಆ ಏಕಾದಶಿಯು ಮುಗಿದದ್ದು ಭಾನುವಾರ ರಾತ್ರಿ 2 ಗಂಟೆ 41 ನಿಮಿಷಕ್ಕೆ. ಕೆಲವು ಪಂಚಾಂಗಗಳು ಇಂತಹ ಕಾಲವನ್ನು 26-41 ಎಂದು ಅಚ್ಚು ಹಾಕುತ್ತವೆ. ಇದರಿಂದ 24ನ್ನು ಕಳೆದರೆ ಮರುದಿನದ ತಾರೀಖಿನ 2-41 ಎಂದರ್ಥ. ಇದನ್ನರಿಯದೆ ಹಲಗೆಗೆ ನಕಲು ಮಾಡಿದರೆ ಓದುವವನು ಮಧ್ಯಾಹ್ನವೆಂದೋ ಅಚ್ಚಿನ ದೋಷವೆಂದೋ ಭಾವಿಸುತ್ತಾನೆ. ಮಧ್ಯರಾತ್ರಿಯ ಅನಂತರದ ಯಾವ ಕಾಲವನ್ನು ಬರೆಯುವಾಗಲೂ ವಾರ, ರಾತ್ರಿ, ತಾರೀಖು ಮೂರನ್ನೂ ಸೇರಿಸಿ, "ಭಾನುವಾರ ರಾತ್ರಿ, ಬೆಳಗಾದರೆ ಸೋಮವಾರ 3ನೆಯ ತಾರೀಖು" ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ಇನ್ನು ಮೂರನೆಯದು ಪ್ರತ್ಯಕ್ಷ, ಅಂದರೆ ಚಂದ್ರದರ್ಶನ. ಜಯಂತಿಯ ರಾತ್ರಿ ಚಂದ್ರನಿಗೆ ಅರ್ಘ್ಯವನ್ನು ಕೊಡುತ್ತೇವೆ. ಕೃಷ್ಣಾಷ್ಟಮಿಯ ಚಂದ್ರನು ಮಧ್ಯರಾತ್ರಿಯ ಸುಮಾರಿಗೆ ಉದಯಿಸುತ್ತಾನೆ. ಪಂಚಾಂಗದಲ್ಲಿ ಕೊಟ್ಟ ಚಂದ್ರೋದಯವು ಒಂದು ನಿರ್ದಿಷ್ಟ ಊರಿನ ಸಮತಟ್ಟಾದ ಕ್ಷಿತಿಜಕ್ಕೆ ಎಣಿಸಿದ್ದು. ಯಲ್ಲಾಪುರ ಸೀಮೆಯು ಉಡುಪಿಗೆ ಹೆಚ್ಚು ಕಡಿಮೆ ನೇರವಾಗಿ ಉತ್ತರದಲ್ಲಿರುವುದರಿಂದ ಉಡುಪಿಯ ಚಂದ್ರೋದಯವನ್ನು ನಾವು ಕೆಲವೇ ನಿಮಿಷಗಳ ವ್ಯತ್ಯಾಸದಿಂದ ಗ್ರಹಿಸಬಹುದು. ಬೆಂಗಳೂರಿಗೆಂದು ಅಚ್ಚಾದ ಕಾಲವನ್ನು ಗ್ರಹಿಸಿದರೆ ಮಾತ್ರ ಚಂದ್ರನು ಹುಟ್ಟುವುದಕ್ಕೆ ಮೊದಲೇ ಅರ್ಘ್ಯವನ್ನು ಕೊಟ್ಟಂತಾಗುತ್ತದೆ.

ಅದಾದ ಮೇಲೆ ನಮ್ಮ ಘಟ್ಟದ ಗುಡ್ಡಗಳಿವೆ. ಅಡಕೆತೋಟಗಳು ಕಣಿವೆಯಲ್ಲಿವೆ, ಮನೆಗಳು ಅದರ ಅಂಚಿನಲ್ಲಿವೆ. ಮೂಡಣಕ್ಕೆ ಕಾಡು ತುಂಬಿದ ಗುಡ್ಡ. ಕೈಯನ್ನು ಮುಂದಕ್ಕೆ ಪೂರ್ತಿ ಚಾಚಿ ನಡುವಿನ ಮೂರು ಬೆರಳುಗಳನ್ನು ಅಡ್ಡಲಾಗಿ ಹಿಡಿದರೆ ಅವುಗಳ ಅಗಲವು ಆಕಾಶದಲ್ಲಿ ಸುಮಾರು 5 ಅಂಶ. ಗುಡ್ಡದ ನೆತ್ತಿಯು ಅಷ್ಟು ಎತ್ತರವಿದ್ದರೆ ಚಂದ್ರನು ಹುಟ್ಟಿ ಸುಮಾರು 20 ನಿಮಿಷಗಳಾದ ಮೇಲೆಯೇ ಮುಖ ತೋರಿಸುತ್ತಾನೆ. ಗುಡ್ಡವು ಎರಡರಷ್ಟಿದ್ದರೆ ಕಾಲವೂ ಹೆಚ್ಚು ಕಡಿಮೆ ಎರಡರಷ್ಟು. ಇದು ಪಂಚಾಂಗದ ದೋಷವಲ್ಲ, ನಮ್ಮ ಅಂಗಳದ ಸ್ವಭಾವ. ಇದನ್ನು ಹೇಳದೆ ನಿಮಿಷವನ್ನು ಮಾತ್ರ ಬರೆದರೆ "ಗಂಟೆ ದಾಟಿದರೂ ಚಂದ್ರನಿಲ್ಲ, ಪಂಚಾಂಗವೇ ಸುಳ್ಳು" ಎಂಬ ಮಾತು ಹುಟ್ಟುತ್ತದೆ.

ಶ್ರಾವಣ ಭಾದ್ರಪದಗಳಲ್ಲಿ ನಮ್ಮ ಸೀಮೆಯ ಆಕಾಶವು ಹೇಗಿರುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಎಷ್ಟೋ ವರ್ಷ ಮೋಡದ ಮರೆಯಲ್ಲಿಯೇ ಜಯಂತಿಯು ಕಳೆದುಹೋಗುತ್ತದೆ. ಆಗ ಚಂದ್ರೋದಯದ ಕಾಲವನ್ನು ಗಣಿತದಿಂದ ತಿಳಿದು, ಮೂಡಣ ದಿಕ್ಕಿಗೆ ಮುಖಮಾಡಿ, ಚಂದ್ರನು ಅಲ್ಲಿರುವನೆಂದು ಅನುಸಂಧಾನಮಾಡಿ ಅರ್ಘ್ಯವನ್ನು ಕೊಡುವುದು ರೂಢಿ. ಕಾಣದ ಚಂದ್ರನು ಇಲ್ಲದ ಚಂದ್ರನಲ್ಲ. ಹೀಗಿರುವಾಗ ಪ್ರಕಟಣೆಯಲ್ಲಿ "ಚಂದ್ರದರ್ಶನ 12 ಗಂಟೆ 6 ನಿಮಿಷಕ್ಕೆ" ಎಂದು ಬರೆಯುವುದು ನಮ್ಮ ಅಧಿಕಾರವನ್ನು ಮೀರಿದ ಮಾತು. ದರ್ಶನವನ್ನು ನಾವು ಮಾತುಕೊಡಲಾರೆವು; ಉದಯವನ್ನು ಮಾತ್ರ ಎಣಿಸಬಲ್ಲೆವು. ಆದುದರಿಂದ ಬರೆಯತಕ್ಕದ್ದು:

"ಅರ್ಘ್ಯಪ್ರದಾನ: 14ನೆಯ ತಾರೀಖು ಭಾನುವಾರ ರಾತ್ರಿ, ಮಧ್ಯರಾತ್ರಿ ಕಳೆದು ಚಂದ್ರೋದಯಕ್ಕೆ. ಗುಡ್ಡದ ಮರೆಯಿರುವ ಮನೆಗಳಲ್ಲಿ ಚಂದ್ರನು ಕಾಣುವುದು ತಡವಾದೀತು. ಮೋಡವಿದ್ದಲ್ಲಿ ದರ್ಶನಕ್ಕಾಗಿ ಕಾಯದೆ ಉದಯಕಾಲಕ್ಕೆ ಅರ್ಘ್ಯವನ್ನು ಕೊಡಬಹುದು."

ದರ್ಶನಕ್ಕೆ ಅಧೀನವಾದ ದಿನವನ್ನು ಹೇಗೆ ಹೇಳಬೇಕೆಂಬುದಕ್ಕೆ ನಮ್ಮ ಸುತ್ತಲೇ ಒಂದು ನಿದರ್ಶನವಿದೆ. ಮುಸಲ್ಮಾನ ಬಾಂಧವರ ತಿಂಗಳು ಎಳೆಯ ಚಂದ್ರನನ್ನು ಕಣ್ಣಾರೆ ಕಂಡ ಮೇಲೆ ಆರಂಭವಾಗುತ್ತದೆ. 2024ರಲ್ಲಿ ಉಡುಪಿ ದಕ್ಷಿಣ ಕನ್ನಡಗಳಲ್ಲಿ ಈದುಲ್ ಫಿತ್ರ್ ಹಬ್ಬವು ಏಪ್ರಿಲ್ 10ಕ್ಕೆ, ರಾಜ್ಯದ ಉಳಿದ ಬಹುಭಾಗದಲ್ಲಿ 11ಕ್ಕೆ ಆಯಿತು. ನಮ್ಮ ರಾಜ್ಯಸರ್ಕಾರವು ಪ್ರತಿವರ್ಷ ಹೊರಡಿಸುವ ರಜಾದಿನಗಳ ಪಟ್ಟಿಯಲ್ಲಿ, ಈ ಹಬ್ಬಗಳು ನಿಗದಿಯಾದ ತಾರೀಖಿಗೆ ಬೀಳದಿದ್ದರೆ ಆ ಸಮುದಾಯದ ನೌಕರರಿಗೆ ಹಬ್ಬವು ನಿಜವಾಗಿ ನಡೆಯುವ ದಿನ ರಜೆಯನ್ನು ಕೊಡಬಹುದೆಂಬ ಟಿಪ್ಪಣಿ ಇರುತ್ತದೆ. ತಾರೀಖನ್ನೂ ಕೊಟ್ಟಿತು, ಅದು ಬದಲಾಗಬಹುದೆಂದೂ ಹೇಳಿತು, ಬದಲಾದರೆ ಏನು ಮಾಡಬೇಕೆಂದೂ ಹೇಳಿತು. ಕಚೇರಿಯ ಒಣ ಭಾಷೆಯಲ್ಲಿಯೇ ಇದು ಸಾಧ್ಯವಾಗಿರುವಾಗ ದೇವಾಲಯದ ಪ್ರಕಟಣೆಯಲ್ಲಿ ಸಾಧ್ಯವಾಗದೇ?

ಕೊನೆಯದಾಗಿ, ಪತ್ರಿಕೆಯ ಮುದ್ರಣದಲ್ಲಿ ಪ್ರತಿವರ್ಷವೂ ಎದುರಾಗುವ ಒಂದು ತೊಡಕನ್ನು ಹೇಳಿ ಮುಗಿಸುತ್ತೇನೆ. ವಾರ್ಷಿಕ ಉತ್ಸವಗಳ ಪಟ್ಟಿಯನ್ನು ಜನವರಿಯಿಂದ ಡಿಸೆಂಬರಿಗೆ ಅಚ್ಚು ಹಾಕುತ್ತೇವೆ. ಪಂಚಾಂಗವಾದರೋ ಯುಗಾದಿಯಿಂದ ಆರಂಭವಾಗುತ್ತದೆ. ಪಟ್ಟಿಯನ್ನು ಕಟ್ಟುವ ಹೊತ್ತಿಗೆ ಹೊಸ ಸಂವತ್ಸರದ ಮಠದ ಪಂಚಾಂಗವು ಎಷ್ಟೋ ಸಲ ಕೈಸೇರಿರುವುದಿಲ್ಲ. ಆಗ ಬೇರೆಲ್ಲಿಂದಲೋ ತಾರೀಖುಗಳನ್ನು ತೆಗೆದು ತುಂಬಿಸುವುದುಂಟು. ತುಂಬಿಸಿದುದು ದೋಷವಲ್ಲ, ತುಂಬಿಸಿದೆವೆಂದು ಹೇಳದಿರುವುದು ದೋಷ. ಯುಗಾದಿಯ ಮುಂದಿನ ತಾರೀಖುಗಳ ಮೇಲೆ "ತಾತ್ಕಾಲಿಕ, ಮಠದ ಪಂಚಾಂಗವು ಬಂದ ಮೇಲೆ ಚೈತ್ರದ ಸಂಚಿಕೆಯಲ್ಲಿ ದೃಢಪಡಿಸಲಾಗುವುದು" ಎಂದು ಬರೆಯಿರಿ. ಹಾಗೆ ಬರೆದ ಮೇಲೆ ದೃಢಪಡಿಸಲು ಮರೆಯಬೇಡಿರಿ. ಒಂದು ದಿನವು ತಿದ್ದುಪಡಿಯಾದರೆ ಹಳೆಯ ದಿನ, ಹೊಸ ದಿನ, ಕಾರಣ ಮೂರನ್ನೂ ಒಟ್ಟಿಗೆ ಪ್ರಕಟಿಸಿರಿ. ಹಲಗೆಯ ಮೇಲಿನ ತಪ್ಪನ್ನು ಸದ್ದಿಲ್ಲದೆ ಅಳಿಸಿದರೆ ಮೊದಲು ಓದಿ ಹೋದವನಿಗೆ ಅದು ತಿಳಿಯುವುದು ಹೇಗೆ?

ಎಲ್ಲದಕ್ಕೂ ಇಷ್ಟು ಎಚ್ಚರಿಕೆಯ ಮಾತು ಬೇಕೆಂದಲ್ಲ. ಫಾಲ್ಗುಣ ಕೃಷ್ಣ ತದಿಗೆಯಂದು ಸೋದೆಯಲ್ಲಿ ನಡೆಯುವ ಶ್ರೀ ವಾದಿರಾಜ ಗುರುಸಾರ್ವಭೌಮರ ಆರಾಧನೆಗೆ ಹೊರಡುವ ಭಕ್ತನಿಗೆ ಮಠವು ಪ್ರಕಟಿಸಿದ ತಾರೀಖೇ ಸಾಕು. ಅಲ್ಲಿ ಘಳಿಗೆ ವಿಘಳಿಗೆಗಳ ಚರ್ಚೆಯನ್ನು ಅಚ್ಚುಹಾಕಿದರೆ ಓದುಗನು ನಿಜವಾಗಿ ಎಚ್ಚರವಾಗಿರಬೇಕಾದ ಕಡೆಯಲ್ಲಿಯೂ ಕಣ್ಣು ಹಾಯಿಸದೆ ಮುಂದೆ ಹೋಗುತ್ತಾನೆ. ದಿನವು ನಿಶ್ಚಿತವಾಗಿದ್ದರೆ ನಿಶ್ಚಿತವೆಂದೇ ಹೇಳಿ. ಸಂಪ್ರದಾಯವು ಬೇರೆಯಾದರೆ ಸಂಪ್ರದಾಯದ ಹೆಸರನ್ನು ಹೇಳಿ. ಗಣಿತವು ಸಂಧಿಯಲ್ಲಿದ್ದರೆ ಯಾವ ಪಂಚಾಂಗ, ಯಾವ ಊರು ಎಂಬುದನ್ನು ಹೇಳಿ. ಕಣ್ಣಿಗೆ ಕಾಣಬೇಕಾದುದಾದರೆ ಕಾಣದಿದ್ದಾಗ ಮಾಡಬೇಕಾದುದನ್ನು ಹೇಳಿ.

ಆ ವೃದ್ಧ ತಾಯಿಯವರು ಈಗಲೂ ದಶಮಿಯ ಸಂಜೆ ಹಲಗೆಯ ಮುಂದೆ ಬಂದು ನಿಲ್ಲುತ್ತಾರೆ. ಅಲ್ಲಿ ಈಗ ದಿನದ ಕೆಳಗೆ ಪಂಚಾಂಗದ ಹೆಸರೂ ಇರುತ್ತದೆ. ಅವರು ಅದನ್ನು ಬೆರಳಿಟ್ಟು ಓದಿಕೊಂಡೇ ಮನೆಗೆ ಹೋಗುತ್ತಾರೆ. ಅವರ ನಂಬಿಕೆಗೆ ನಾವು ಕೊಡಬಹುದಾದ ಮರ್ಯಾದೆ ಇಷ್ಟೇ: ನಮಗೆ ತಿಳಿದಷ್ಟನ್ನು, ತಿಳಿದ ಹಾಗೆಯೇ, ಅವರಿಗೂ ತಿಳಿಸುವುದು.

ಶ್ರೀಕೃಷ್ಣಾರ್ಪಣಮಸ್ತು.